ಮಂಡ್ಯದಿಂದ ಮೈಸೂರಿನ ಶಾಲೆಗೆ ಅರ್ಜಿ: ರೆಸ್ಯೂಮ್‌ನಲ್ಲಿ ಫಲಿತಾಂಶ ಹೇಗೆ ಬರೆಯೋದು?

ಗಣಿತ ಟೀಚರ್, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಎಂಎಸ್ಸಿ, ಬಿಎಡ್ ಆಗಿದೆ. ರಾಜ್ಯ ಪಠ್ಯಕ್ರಮದ ಶಾಲೆ, 8ರಿಂದ 10ರವರೆಗೆ ಮೂರೂ ತರಗತಿ ನನ್ನದೇ. ಯಜಮಾನರಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿದೆ, ಹಾಗಾಗಿ ಬರುವ ಜೂನ್‌ಗೆ ಅಲ್ಲೇ ಒಂದು ಸಿಬಿಎಸ್‌ಇ ಶಾಲೆಗೆ ಅರ್ಜಿ ಹಾಕಬೇಕು ಅಂತಿದ್ದೇನೆ.

ರೆಸ್ಯೂಮ್ ಬರೆದೆ, ಓದಿದರೆ ನನಗೇ ಸಪ್ಪೆ ಅನಿಸುತ್ತಿದೆ. ಫಲಿತಾಂಶ ಅನ್ನೋ ಕಡೆ "ಎಸ್ಸೆಸ್ಸೆಲ್ಸಿಯಲ್ಲಿ ಉತ್ತಮ ಫಲಿತಾಂಶ" ಅಂತ ಹಾಕಿದ್ದೇನೆ. ಬೋಧನಾ ವಿಧಾನ ಅನ್ನೋ ಕಡೆ "ಚಟುವಟಿಕೆ ಆಧಾರಿತ, ಮಕ್ಕಳ ಕೇಂದ್ರಿತ, ಐಸಿಟಿ ಬಳಕೆ" ಅಂತಿದೆ. ಬಿಎಡ್ ಮಾಡಿದ ಯಾರು ಬೇಕಾದರೂ ಇದನ್ನೇ ಬರೆಯಬಹುದು ಅಲ್ವಾ?

ಅಂಕಿ ಹಾಕೋಣ ಅಂದರೆ ಅಲ್ಲೊಂದು ತೊಡಕಿದೆ. ಹತ್ತನೇ ತರಗತಿ ಗಣಿತದಲ್ಲಿ ನನ್ನದು ಹೀಗಿದೆ. 2021-22ರಲ್ಲಿ 38 ಮಕ್ಕಳಲ್ಲಿ 37 ಪಾಸು. 2022-23ರಲ್ಲಿ 41ರಲ್ಲಿ 40. 2023-24ರಲ್ಲಿ 44ರಲ್ಲಿ 33. 2024-25ರಲ್ಲಿ 40ರಲ್ಲಿ 34. ಶೇಕಡಾ ಹಾಕಿದರೆ 97, 98, 75, 85 ಅಂತ ಬರುತ್ತದೆ. ಮೂರನೇ ವರ್ಷ ನೋಡಿದವರು "ಇವರಿಗೆ ಏನಾಯ್ತು" ಅಂದುಕೊಳ್ಳುತ್ತಾರೆ. ಇದನ್ನು ಹಾಕಲೋ ಬಿಡಲೋ, ಹಾಕಿದರೆ ಹೇಗೆ, ಗೊತ್ತಿರುವವರು ದಯವಿಟ್ಟು ಹೇಳಿ.

ಮದ್ದೂರು ವಡೆ

ಮೇಡಂ, ಮಂಡ್ಯದಿಂದ ಮೈಸೂರಿಗೆ ಅಂದರೆ ಅಂತರ ಜಿಲ್ಲಾ ವರ್ಗಾವಣೆ ಆಗುತ್ತೆ. ಅದಕ್ಕೆ ರೆಸ್ಯೂಮ್ ಕೇಳೋದಿಲ್ಲ, ಕೌನ್ಸೆಲಿಂಗ್ ಇರುತ್ತೆ. ಗಂಡ ಹೆಂಡತಿ ಪ್ರಕರಣ ಅಂತ ಅರ್ಜಿ ಹಾಕಿ, ಪತಿಯ ಕೆಲಸದ ದೃಢೀಕರಣ ಪತ್ರ ಇಟ್ಟುಕೊಳ್ಳಿ. ನಮ್ಮ ಅತ್ತಿಗೆಗೆ ಹಾಗೇ ಸಿಕ್ಕಿತು.

ಗಣಿತ ಟೀಚರ್, ಮಂಡ್ಯ

ಸರ್, ನಾನು ಸರ್ಕಾರಿ ಶಿಕ್ಷಕಿ ಅಲ್ಲ. ಖಾಸಗಿ ಶಾಲೆಯಿಂದ ಖಾಸಗಿ ಶಾಲೆಗೆ ಹೋಗುತ್ತಿರೋದು.

ಪಾಂಡವಪುರ ಎಕ್ಸ್‌ಪ್ರೆಸ್

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಒಳ್ಳೆಯ ವರ್ಷ ಮಾತ್ರ ಹಾಕಿ. 2020-21ರಲ್ಲಿ ನಿಮಗೆ ನೂರಕ್ಕೆ ನೂರು ಬಂದಿರಲೇಬೇಕಲ್ಲ, ಅದನ್ನು ಮೊದಲು ದಪ್ಪ ಅಕ್ಷರದಲ್ಲಿ ಹಾಕಿ, ಆಮೇಲೆ 97, 98. ಕೊನೆ ಎರಡು ಬಿಡಿ. ಮ್ಯಾನೇಜ್‌ಮೆಂಟಿನವರು ನೋಡೋದು ನಂಬರ್ ಒಂದನ್ನೇ. ನಾನು ಕೋಚಿಂಗ್ ಸೆಂಟರ್ ನಡೆಸುತ್ತೇನೆ, ಟೀಚರ್‌ಗಳನ್ನು ತೆಗೆದುಕೊಳ್ಳುತ್ತೇನೆ. ಉದ್ದ ಕಥೆ ಯಾರೂ ಓದೋದಿಲ್ಲ. ಒಂದೇ ಪುಟ ಇರಲಿ, ನಂಬರ್ ಕಣ್ಣಿಗೆ ಹೊಡೆಯೋ ಹಾಗಿರಲಿ.

ನಿವೃತ್ತ ಎಚ್‌ಎಂ, ಸರಸ್ವತಿಪುರಂ

ಪಾಂಡವಪುರದವರ ಒಂದು ಮಾತು ಒಪ್ಪುತ್ತೇನೆ. ಮೊದಲ ಪುಟದಲ್ಲಿ ನಂಬರ್ ಕಣ್ಣಿಗೆ ಬೀಳಬೇಕು. ಉಳಿದದ್ದು ಬೇಡ. ನಾನು ಮುಖ್ಯ ಶಿಕ್ಷಕನಾಗಿ ನಿವೃತ್ತನಾದ ಮೇಲೂ ಎರಡು ಶಾಲೆಗಳ ಸಂದರ್ಶನಕ್ಕೆ ವಿಷಯ ತಜ್ಞನಾಗಿ ಕೂತಿದ್ದೇನೆ, ಆದ್ದರಿಂದ ಮೇಜಿನ ಆ ಕಡೆ ಏನು ನಡೆಯುತ್ತದೆ ಅಂತ ಹೇಳಬಲ್ಲೆ.

ಮೊದಲು ಆ 2021ರ ನೂರು. ಆ ವರ್ಷ ಕೋವಿಡ್ ಕಾರಣಕ್ಕೆ ಪರೀಕ್ಷೆ ಜುಲೈನಲ್ಲಿ ಎರಡೇ ದಿನ ನಡೆಯಿತು. ಬಹು ಆಯ್ಕೆ ಪ್ರಶ್ನೆ. ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ಬೆಳಗ್ಗೆ ಮುಗಿದವು. ಯಾರನ್ನೂ ಫೇಲು ಮಾಡುವುದಿಲ್ಲ ಅಂತ ಸರ್ಕಾರವೇ ಮೊದಲು ಹೇಳಿತ್ತು. ಅಂಥ ವರ್ಷದ ನೂರನ್ನು ದಪ್ಪ ಅಕ್ಷರದಲ್ಲಿ ಹಾಕಿದರೆ ಎದುರು ಕೂತವರಿಗೆ ಮಿಕ್ಕ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ಅದನ್ನು ಬಿಟ್ಟುಬಿಡಿ.

ಇನ್ನು 2024. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದ ವರ್ಷ ಅದು. ರಾಜ್ಯದ ಒಟ್ಟು ಫಲಿತಾಂಶ ಹಿಂದಿನ ವರ್ಷ 83.89 ಇದ್ದದ್ದು 73.40ಕ್ಕೆ ಬಂತು, ಅದೂ ಗ್ರೇಸ್ ಅಂಕ ಜಾಸ್ತಿ ಕೊಟ್ಟ ಮೇಲೆ. ಮುಂದಿನ ವರ್ಷ ಆ ಹೆಚ್ಚುವರಿ ಗ್ರೇಸನ್ನೂ ತೆಗೆದರು. ಮೈಸೂರು, ಮಂಡ್ಯದ ಯಾವ ಎಚ್‌ಎಂಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023-24 ಕಾಣಿಸದಿದ್ದರೆ "ಆ ವರ್ಷ ಎಲ್ಲಿ?" ಅಂತಲೇ ಮೊದಲ ಪ್ರಶ್ನೆ ಬರುತ್ತದೆ. ನೀವೇ ಬರೆದಿದ್ದರೆ ವಿವರಿಸುತ್ತೀರಿ. ಅವರು ಕೇಳಿ ಹೊರತೆಗೆದರೆ ಸಮಜಾಯಿಷಿ ಕೊಡಬೇಕಾಗುತ್ತದೆ.

ಆದರೆ ಹುಷಾರು. "ರಾಜ್ಯ 73, ನಾನು 75" ಅಂತ ಮಾತ್ರ ಬರೆಯಬೇಡಿ. ರಾಜ್ಯದ ಅಂಕಿ ಎಲ್ಲ ವಿಷಯ ಸೇರಿ ಪಾಸಾದವರದ್ದು, ನಿಮ್ಮದು ಒಂದು ವಿಷಯದ್ದು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಗಣಿತ ಟೀಚರ್‌ಗೇ ಲೆಕ್ಕ ಬರೋದಿಲ್ಲ ಅಂದುಕೊಳ್ಳುತ್ತಾರೆ.

ನಿಮ್ಮ ಮಕ್ಕಳನ್ನು ಅದೇ ಮಕ್ಕಳ ಜೊತೆಗೇ ಹೋಲಿಸಬೇಕು. ಮೂರು ವಿಷಯ ಹೇಳಿ. ಆ 44 ಮಕ್ಕಳು ಜೂನ್ 2023ರಲ್ಲಿ ನಿಮ್ಮ ಕೈಗೆ ಬಂದಾಗ ಹೇಗಿದ್ದರು? ಅದೇ ಮಕ್ಕಳು ಆ ವರ್ಷ ಬೇರೆ ವಿಷಯದಲ್ಲಿ ಏನು ಮಾಡಿದರು? ಫೇಲಾದ 11 ಮಕ್ಕಳು ಪರೀಕ್ಷೆ-2ರಲ್ಲಿ ಏನಾದರು?

ಗಣಿತ ಟೀಚರ್, ಮಂಡ್ಯ

ಸರ್, ಸೇತುಬಂಧದ ಪೂರ್ವ ಪರೀಕ್ಷೆಯ ಹಾಳೆ ಇದೆ, ತೆಗೆದು ನೋಡಿದೆ. 44ರಲ್ಲಿ 19 ಮಕ್ಕಳು 35ಕ್ಕಿಂತ ಕೆಳಗೆ. ಎಸ್‌ಎ-1ರಲ್ಲಿ 17. ಬೋರ್ಡ್ ಪರೀಕ್ಷೆಯಲ್ಲಿ 11. ಅದೇ ಮಕ್ಕಳು ವಿಜ್ಞಾನದಲ್ಲಿ 34 ಪಾಸು, ಸಮಾಜದಲ್ಲಿ 38. ಆ 11ರಲ್ಲಿ 7 ಮಕ್ಕಳು ಜೂನ್‌ನಲ್ಲಿ ನಡೆದ ಪರೀಕ್ಷೆ-2ರಲ್ಲಿ ಗಣಿತ ಪಾಸು ಮಾಡಿಕೊಂಡರು, ಬೇಸಿಗೆಯಲ್ಲಿ ಅವರಿಗೆ ಕ್ಲಾಸ್ ತೆಗೆದುಕೊಂಡಿದ್ದೆ.

ಇನ್ನೊಂದು, ಆ ಬ್ಯಾಚ್ ಏಳನೇ ತರಗತಿ ಪೂರ್ತಿ ಮನೆಯಲ್ಲೇ ಕಳೆದವರು, 2020-21. ಪೂರ್ಣಾಂಕ, ಭಿನ್ನರಾಶಿ, ಸರಳ ಸಮೀಕರಣ ಎಲ್ಲ ಮೊಬೈಲಿನಲ್ಲಿ ನೋಡಿದ್ದು, ಮೊಬೈಲ್ ಇದ್ದವರು.

ನಿವೃತ್ತ ಎಚ್‌ಎಂ, ಸರಸ್ವತಿಪುರಂ

ನೋಡಿ, ಇಷ್ಟು ಹೊತ್ತೂ ನಿಮ್ಮ ಕೈಯಲ್ಲೇ ಇತ್ತು. 19ರಿಂದ 17, 17ರಿಂದ 11, ಕೊನೆಗೆ 4. ಒಬ್ಬ ಟೀಚರ್ ಒಂದು ವರ್ಷದಲ್ಲಿ ಏನು ಮಾಡಿದರು ಅನ್ನೋದು ಇದರಲ್ಲಿ ಕಾಣುತ್ತದೆ. 2022-23ರ 98ರಲ್ಲಿ ಅದು ಕಾಣೋದಿಲ್ಲ, ಆ ಮಕ್ಕಳು ಮೊದಲೇ ಚೆನ್ನಾಗಿದ್ದರೇನೋ ಯಾರಿಗೆ ಗೊತ್ತು.

ಬರೆಯುವಾಗ ಎರಡು ಎಚ್ಚರಿಕೆ ಇರಲಿ. ಪರೀಕ್ಷೆ-1 ಮತ್ತು ಪರೀಕ್ಷೆ-2 ಬೇರೆ ಬೇರೆ ತೋರಿಸಿ. ಎರಡೂ ಸೇರಿಸಿ "44ರಲ್ಲಿ 40, ಶೇ. 91" ಅಂತ ಹಾಕಿದರೆ, ಅವರು ನಿಮ್ಮ ಹಳೆಯ ಶಾಲೆಗೆ ಫೋನ್ ಮಾಡಿದಾಗ ಅಲ್ಲಿಂದ 75 ಅಂತ ಬರುತ್ತದೆ. ಆಗ ನೀವು ನಿಜ ಹೇಳಿದ್ದರೂ ಸುಳ್ಳು ಹೇಳಿದ ಹಾಗೆ ಕಾಣುತ್ತದೆ. ಎರಡನೆಯದು ವಿಜ್ಞಾನ, ಸಮಾಜದ ಅಂಕಿ. ಅದನ್ನು ರೆಸ್ಯೂಮ್‌ನಲ್ಲಿ ಹಾಕಬೇಡಿ, ಅದು ಸಹೋದ್ಯೋಗಿಗಳ ಫಲಿತಾಂಶ. ಗಣಿತ ಮಾತ್ರ ಕುಸಿದಿತ್ತಾ ಅಂತ ಯಾರಾದರೂ ಕೇಳಿದರೆ ಬಾಯಲ್ಲಿ ಹೇಳಿ ಸಾಕು.

ಸರಾಸರಿ ಅಂಕ ಹಾಕುತ್ತೀರಾದರೆ ಲಿಖಿತ 80ರದ್ದೇ ಹಾಕಿ. ಆಂತರಿಕ 20ನ್ನು ಹೆಚ್ಚಿನ ಶಾಲೆಗಳಲ್ಲಿ ಧಾರಾಳವಾಗಿಯೇ ಕೊಡುತ್ತಾರೆ, ಎಲ್ಲರಿಗೂ ಗೊತ್ತಿರೋ ಸಂಗತಿ. ನೂರರ ಸರಾಸರಿ ಅಂದರೆ ಅದರಲ್ಲಿ ಟೀಚರ್ ತಾನೇ ಕೊಟ್ಟ ಅಂಕವೂ ಸೇರಿರುತ್ತದೆ. 80ರ ಸರಾಸರಿ ಹೊರಗಿನವರು ತಿದ್ದಿದ್ದು.

ನಂಜನಗೂಡು ವಿಜ್ಞಾನ

ಸರ್, ನನ್ನ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿ. ನಮ್ಮ ಶಾಲೆಯಲ್ಲಿ ಹತ್ತನೇ ತರಗತಿ ವಿಜ್ಞಾನ ಇಬ್ಬರಿಗೆ ಹಂಚಿದ್ದಾರೆ. ಭೌತ, ರಸಾಯನ ನಂದು, ಜೀವಶಾಸ್ತ್ರ ಇನ್ನೊಬ್ಬ ಮೇಡಂದು. ಅಂಕಪಟ್ಟಿಯಲ್ಲಿ ವಿಜ್ಞಾನ ಅಂತ ಒಂದೇ ನಂಬರ್. ಅದು ಯಾರ ಫಲಿತಾಂಶ? ಹೋದ ಸಲ ಸಂದರ್ಶನದಲ್ಲಿ ನಾನು ವಿಜ್ಞಾನ ಶೇ. 90 ಅಂತ ಬರೆದಿದ್ದೆ. ಅದೇ ಕೆಲಸಕ್ಕೆ ಆ ಮೇಡಂ ಕೂಡ ಬಂದಿದ್ದರು, ಅವರೂ ಅದೇ 90 ಬರೆದಿದ್ದರು. ಇಬ್ಬರನ್ನೂ ಕಳಿಸಿದರು.

ನಿವೃತ್ತ ಎಚ್‌ಎಂ, ಸರಸ್ವತಿಪುರಂ

ನಿಮ್ಮದು ಕಷ್ಟದ ಪ್ರಶ್ನೆ. "ವಿಜ್ಞಾನ, ಭೌತ ಮತ್ತು ರಸಾಯನ ಭಾಗ, ಇಬ್ಬರು ಶಿಕ್ಷಕರು" ಅಂತ ಮೊದಲು ಸ್ಪಷ್ಟವಾಗಿ ಬರೆಯಿರಿ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳು ಶಾಲೆಯಲ್ಲೇ ಇರುತ್ತವೆ, ಅದರಲ್ಲಿ ಭಾಗವಾರು ಅಂಕ ತೆಗೆಯಬಹುದು. ಬೋರ್ಡ್ ಪರೀಕ್ಷೆಯದ್ದು ನಿಮಗೆ ಸಿಗೋದಿಲ್ಲ.

ಸ್ಕೂಲ್ ಆಫೀಸ್, ಬೋಗಾದಿ ರೋಡ್

ಪೂರ್ವಸಿದ್ಧತಾ ಅಂಕ ಬೇಡ ಅನ್ನೋದು ನನ್ನ ಅಭಿಪ್ರಾಯ. ಅದನ್ನು ಅವರೇ ತಿದ್ದಿರುತ್ತಾರೆ, ಯಾರು ನಂಬುತ್ತಾರೆ? ಅದರ ಬದಲು ಒಟ್ಟು ಫಲಿತಾಂಶ ಹಾಕಿ "ಹಂಚಿಕೆಯಲ್ಲಿ" ಅಂತ ಬರೆದರೆ ಸಾಕು. ಎಚ್‌ಎಂ ಸರ್ ಬೇರೆ ಹೇಳಬಹುದು.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಒಂದು ಸಿಬಿಎಸ್‌ಇ ಶಾಲೆಯ ಆಫೀಸಿನಲ್ಲಿದ್ದೇನೆ, ಮಾರ್ಚ್ ಏಪ್ರಿಲ್‌ನಲ್ಲಿ ಬರುವ ರೆಸ್ಯೂಮ್‌ಗಳನ್ನು ಮೊದಲು ಬೇರ್ಪಡಿಸುವುದು ನಾವೇ. ಆ ಹೊತ್ತಿನಲ್ಲಿ ಯಾರೂ 19, 17, 11 ಓದೋದಿಲ್ಲ. ನಾವು ನೋಡೋದು ವಿಷಯ ಯಾವುದು, ಯಾವ ತರಗತಿ, ಯಾವ ಬೋರ್ಡ್, ಯಾವ ಮೀಡಿಯಂ, ಬಿಎಡ್ ಆಗಿದೆಯಾ, ಎಲ್ಲಿಂದ ಬರುತ್ತಾರೆ. ಇವು ಮೇಲಿನ ಕಾಲು ಪುಟದಲ್ಲಿ ಇರಬೇಕು. ಎಷ್ಟೋ ಜನ ಅಲ್ಲಿ "ನನ್ನ ಗುರಿ" ಅಂತ ಐದು ಸಾಲು ಬರೆದಿರುತ್ತಾರೆ. ವಿಷಯ ಯಾವುದು ಅಂತ ತಿಳಿಯಲು ಎರಡನೇ ಪುಟಕ್ಕೆ ಹೋಗಬೇಕು.

"ಎಲ್ಲಿಂದ ಬರುತ್ತಾರೆ" ಅನ್ನೋದು ನಿಮಗೆ ಮುಖ್ಯ. ವಿಳಾಸ ಮಂಡ್ಯ ಅಂತ ಇದ್ದರೆ ನಮ್ಮವರು ಪಕ್ಕಕ್ಕಿಡುತ್ತಾರೆ. ಎಂಟೂಕಾಲಿಗೆ ಪ್ರಾರ್ಥನೆ, ರೈಲು ಲೇಟಾದರೆ ಮೊದಲ ಪೀರಿಯಡ್ ಹೋಯಿತು ಅಂತ. "ಮೇ ತಿಂಗಳಿಂದ ಮೈಸೂರಿನಲ್ಲಿ ವಾಸ" ಅಂತ ವಿಳಾಸದ ಕೆಳಗೇ ಒಂದು ಸಾಲು ಹಾಕಿ.

ಬೋರ್ಡ್ ಬೇರೆ ಅಂತ ಕೆಲವರು ಹಿಂಜರಿಯುತ್ತಾರೆ. ಗಣಿತಕ್ಕೆ ಅಷ್ಟು ಭಯ ಬೇಡ, ರಾಜ್ಯದ ಹತ್ತನೇ ತರಗತಿ ಗಣಿತ ಪುಸ್ತಕವೇ ಎನ್‌ಸಿಇಆರ್‌ಟಿದು. ಅದನ್ನು ಬರೆಯಿರಿ, ಎಲ್ಲ ಮ್ಯಾನೇಜ್‌ಮೆಂಟಿಗೂ ಗೊತ್ತಿರೋದಿಲ್ಲ. ಪ್ರಶ್ನೆಪತ್ರಿಕೆ ಮಾತ್ರ ಬೇರೆ, ಸಿಬಿಎಸ್‌ಇಯಲ್ಲಿ ಕೇಸ್ ಸ್ಟಡಿ ಪ್ರಶ್ನೆ ಇರುತ್ತೆ, ಬೇಸಿಕ್ ಸ್ಟ್ಯಾಂಡರ್ಡ್ ಅಂತ ಎರಡು ಮಟ್ಟ ಇರುತ್ತೆ. ಹಳೆಯ ಪತ್ರಿಕೆ ನಾಲ್ಕು ಬಿಡಿಸಿ ನೋಡಿಕೊಂಡು ಹೋಗಿ. ಮತ್ತೆ ರೆಸ್ಯೂಮ್ ಇಂಗ್ಲಿಷಿನಲ್ಲೇ ಇರಲಿ, ಇಲ್ಲಿ ಚರ್ಚೆ ಕನ್ನಡದಲ್ಲಿ ಮಾಡಿದರೂ.

ಪಾಂಡವಪುರ ಎಕ್ಸ್‌ಪ್ರೆಸ್

ನಾನು ಹೇಳಿದ್ದೂ ಅದೇ ಅಲ್ವಾ, ಯಾರೂ ಓದೋದಿಲ್ಲ. ಹಾಗಿದ್ದ ಮೇಲೆ 75 ಹಾಕಿ ಕೆಡಿಸಿಕೊಳ್ಳೋದು ಯಾಕೆ?

ಸ್ಕೂಲ್ ಆಫೀಸ್, ಬೋಗಾದಿ ರೋಡ್

ಆಫೀಸಿನಲ್ಲಿ ಓದೋದಿಲ್ಲ ಅಂದೆ. ಪ್ರಿನ್ಸಿಪಾಲ್ ಓದುತ್ತಾರೆ. ಅವರ ಮೇಜಿಗೆ ಹೋಗೋದು ಆರೋ ಏಳೋ ಮಾತ್ರ, ಅಷ್ಟನ್ನು ಅವರು ಪೆನ್ ಹಿಡಿದುಕೊಂಡೇ ಓದುತ್ತಾರೆ. ನಮ್ಮ ಪ್ರಿನ್ಸಿಪಾಲ್ ಅಂತೂ ವರ್ಷಗಳ ಮಧ್ಯೆ ಖಾಲಿ ಕಂಡರೆ ಅಲ್ಲಿ ಗುಂಡು ಸುತ್ತುತ್ತಾರೆ.

ನಿವೃತ್ತ ಎಚ್‌ಎಂ, ಸರಸ್ವತಿಪುರಂ

ಅದಕ್ಕೇ ಎರಡು ಪುಟ ಮಾಡಿ. ಮೊದಲ ಪುಟದಲ್ಲಿ ತರಗತಿ, ವರ್ಷ, ಎಷ್ಟು ಮಕ್ಕಳು, ಎಷ್ಟು ಪಾಸು, ಇಷ್ಟೇ. ಎರಡನೇ ಪುಟದಲ್ಲಿ ಒಂದು ಬ್ಯಾಚಿನ ಕಥೆ, ಒಂದು ಬೋಧನಾ ವಿಧಾನ. ಆಫೀಸಿಗೆ ಮೊದಲನೆಯದು, ಪ್ರಿನ್ಸಿಪಾಲರಿಗೆ ಎರಡನೆಯದು.

ಈಗ ಬೋಧನಾ ವಿಧಾನಕ್ಕೆ ಬರೋಣ, ಹೆಚ್ಚಿನವರು ಸೋಲುವುದು ಅಲ್ಲಿ. "ಚಟುವಟಿಕೆ ಆಧಾರಿತ" ಅಂತ ಬರೆದವರನ್ನು ನಾನು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಹೋದ ತಿಂಗಳು ಯಾವ ಪಾಠಕ್ಕೆ ಯಾವ ಚಟುವಟಿಕೆ ಮಾಡಿಸಿದಿರಿ, ಅದಾದ ಮೇಲೆ ಮಕ್ಕಳ ಉತ್ತರದಲ್ಲಿ ಏನು ಬದಲಾಯಿತು? ಹತ್ತರಲ್ಲಿ ಎಂಟು ಜನ ಸುಮ್ನೆ ಕೂರುತ್ತಿದ್ದರು. ಮೇಡಂ, ನೀವು ಆ 19 ಮಕ್ಕಳಿಗೆ ನಿಜವಾಗಿ ಏನು ಮಾಡಿದಿರಿ? ವಿಧಾನದ ಹೆಸರು ಬೇಡ, ಮಾಡಿದ್ದನ್ನು ಹೇಳಿ. ಒಂದೇ ಪಾಠ ತೆಗೆದುಕೊಳ್ಳಿ.

ಗಣಿತ ಟೀಚರ್, ಮಂಡ್ಯ

ಗ್ರಾಫ್ ಹೇಳುತ್ತೇನೆ ಸರ್. ಎರಡು ಚರಾಕ್ಷರದ ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವುದು. ಪಬ್ಲಿಕ್ ಪರೀಕ್ಷೆಯಲ್ಲಿ 4 ಅಂಕಕ್ಕೆ ಬರುತ್ತದೆ, ಹಿಂದುಳಿದ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜಿನಲ್ಲಿ ಎಲ್ಲರೂ ಇದನ್ನೇ ಮೊದಲು ಹೇಳಿಕೊಡುತ್ತಾರೆ. ನಾನೂ ಹೇಳಿಕೊಟ್ಟಿದ್ದೆ. ಆದರೂ ಎಫ್‌ಎ-2ರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ತಪ್ಪಾಯಿತು.

ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ನೋಡಿದೆ. ಅಕ್ಷ ಎಳೆದಿದ್ದಾರೆ, ಸ್ಕೇಲ್ ಬರೆದಿದ್ದಾರೆ, ಚುಕ್ಕೆ ಇಡೋದೂ ಬರುತ್ತೆ. ತಪ್ಪಾಗಿರೋದು ಅದಕ್ಕೂ ಮೊದಲು, ಕೋಷ್ಟಕದಲ್ಲಿ. ಪ್ರಶ್ನೆ x + y = 5 ಮತ್ತು 2x − y = 4 ಆಗಿತ್ತು. ಮೊದಲನೆಯದು ಎಲ್ಲರಿಗೂ ಸರಿ. ಎರಡನೆಯದರಲ್ಲಿ x = 0 ಹಾಕಿದರೆ −y = 4 ಬರುತ್ತೆ, ಮಗು ಆ ಮೈನಸ್ ಬಿಟ್ಟು y = 4 ಅಂತ ಬರೆಯುತ್ತೆ. x = 1ಕ್ಕೂ ಹಾಗೇ, −2 ಬರಬೇಕಾದಲ್ಲಿ 2. ಎರಡೇ ಚುಕ್ಕೆ ಇಟ್ಟವರಿಗೆ ಗೆರೆ ನೇರವಾಗಿಯೇ ಬಂತು, ಉತ್ತರ ಮಾತ್ರ (3, 2) ಬರೋದು ಬಿಟ್ಟು ಎಲ್ಲೋ ಹೋಯಿತು. ತಪ್ಪಾಗಿದೆ ಅಂತ ಮಗುವಿಗೆ ಗೊತ್ತೇ ಆಗೋದಿಲ್ಲ.

ಹಾಗಾಗಿ ಗ್ರಾಫ್ ಹಾಳೆ ಮುಚ್ಚಿಸಿ, ದಿನಾ ಪಾಠಕ್ಕೆ ಮೊದಲು ಹತ್ತು ನಿಮಿಷ ಬರೀ −y ಇರುವ ಸಮೀಕರಣದ ಕೋಷ್ಟಕ ಮಾಡಿಸಿದೆ. ಆಮೇಲೆ ಮೂರನೇ ಚುಕ್ಕೆ ಕಡ್ಡಾಯ ಮಾಡಿದೆ. x = 3 ಹಾಕಿದರೆ y = 2 ಬರುತ್ತೆ. ಮೊದಲ ಎರಡು ತಪ್ಪಾಗಿದ್ದರೆ ಈ ಮೂರು ಒಂದೇ ಗೆರೆಗೆ ಬರೋದಿಲ್ಲ, ಗೆರೆ ಮುರಿಯುತ್ತೆ. ಆಗ ಮಗು ತಾನೇ ಹಿಂದಕ್ಕೆ ಹೋಗಿ ನೋಡುತ್ತೆ. ಎಸ್‌ಎ-1 ಹೊತ್ತಿಗೆ ಆ 19ರಲ್ಲಿ 12 ಮಕ್ಕಳು ಪೂರ್ತಿ 4 ಅಂಕ ತೆಗೆದುಕೊಂಡರು. ಪಾಸಾಗೋಕೆ ಅದೊಂದೇ ಸಾಲದಲ್ಲ, ಅದಕ್ಕೇ 17 ಆಗಿದ್ದು.

ನಿವೃತ್ತ ಎಚ್‌ಎಂ, ಸರಸ್ವತಿಪುರಂ

ಇದನ್ನೇ ಬರೆಯಿರಿ. ನಾಲ್ಕು ಸಾಲು ಸಾಕು. ತಪ್ಪು ಎಲ್ಲಿ ಅಂತ ಉತ್ತರ ಪತ್ರಿಕೆಯಿಂದ ಕಂಡುಹಿಡಿದಿರಿ, ಅದಕ್ಕೆ ಒಂದು ಕೆಲಸ ಮಾಡಿದಿರಿ, ಮತ್ತೆ ಅದೇ ಪ್ರಶ್ನೆ ಕೊಟ್ಟು ನೋಡಿದಿರಿ. ಇದಕ್ಕೆ ದೊಡ್ಡ ಹೆಸರು ಬೇಕಿಲ್ಲ.

ಇನ್ನೊಂದು ಲಾಭ ಇದೆ. ಮೈಸೂರಿನಲ್ಲಿ ಈಗ ಹೆಚ್ಚಿನ ಶಾಲೆಗಳು ಡೆಮೋ ಕ್ಲಾಸ್ ಕೇಳುತ್ತವೆ. ರೆಸ್ಯೂಮ್‌ನಲ್ಲಿ ಗ್ರಾಫ್ ಇದ್ದರೆ "ಅದನ್ನೇ ಮಾಡಿ ತೋರಿಸಿ" ಅನ್ನುತ್ತಾರೆ, ಇಲ್ಲವೇ "ಯಾವ ಪಾಠ ಮಾಡುತ್ತೀರಿ" ಅಂತ ನಿಮಗೇ ಬಿಡುತ್ತಾರೆ. ಆ ಮುರಿದ ಗೆರೆಯನ್ನು ಬೋರ್ಡ್ ಮೇಲೆ ಎಳೆದು ತೋರಿಸಿ. ಹಿಂದೆ ಕೂತ ಗಣಿತದ ಹಿರಿಯರಿಗೆ ಆ ಕ್ಷಣವೇ ಗೊತ್ತಾಗುತ್ತದೆ, ಇವರು ಉತ್ತರ ಪತ್ರಿಕೆ ತಿದ್ದುವಾಗ ಓದಿದ್ದಾರೆ ಅಂತ. ಡೆಮೋದಲ್ಲಿ ಮಾಡಲಾಗದ್ದನ್ನು ರೆಸ್ಯೂಮ್‌ನಲ್ಲಿ ಬರೆಯಲೇಬೇಡಿ. ಸ್ಮಾರ್ಟ್ ಬೋರ್ಡ್ ಬಳಕೆ ಅಂತ ಬರೆದು, ಡೆಮೋದಲ್ಲಿ ಅದನ್ನು ಆನ್ ಮಾಡೋದು ಹೇಗೆ ಅಂತ ಕೇಳಿದವರನ್ನು ನೋಡಿದ್ದೇನೆ.

ಹುಣಸೂರು ರಸ್ತೆ ಅಮ್ಮ

ನಾನು ಟೀಚರ್ ಅಲ್ಲ, ಇಬ್ಬರು ಮಕ್ಕಳ ತಾಯಿ. ಒಂದು ಮಾತು ಹೇಳಬಹುದಾ? ಕೆಲವರು ರೆಸ್ಯೂಮ್ ಜೊತೆ ಮಕ್ಕಳ ಹೆಸರು, ನೋಂದಣಿ ಸಂಖ್ಯೆ, ಅಂಕ ಇರುವ ಇಡೀ ಪಟ್ಟಿಯನ್ನೇ ಲಗತ್ತಿಸುತ್ತಾರೆ. ಫೇಲಾದ ಮಗುವಿನ ಹೆಸರೂ ಅದರಲ್ಲಿ ಇರುತ್ತೆ. ಅದು ಹತ್ತು ಶಾಲೆಗೆ ಇಮೇಲ್‌ನಲ್ಲಿ ಹೋಗುತ್ತೆ. ನನ್ನ ಮಗನ ಅಂಕ ಹಾಗೆ ಊರೂರು ತಿರುಗೋದು ನನಗೆ ಇಷ್ಟ ಇಲ್ಲ.

ಸ್ಕೂಲ್ ಆಫೀಸ್, ಬೋಗಾದಿ ರೋಡ್

ಸರಿಯಾಗಿ ಹೇಳಿದಿರಿ ಅಮ್ಮ. ನಮಗೆ ಹಾಗೆ ಬರುತ್ತಲೇ ಇರುತ್ತವೆ. ಹೆಸರು ಇಲ್ಲದ ವಿಷಯವಾರು ಸಾರಾಂಶ ಸಾಕು. ವರ್ಷ, ಹಾಜರಾದವರು, ಪಾಸಾದವರು, ಕೆಳಗೆ ಮುಖ್ಯ ಶಿಕ್ಷಕರ ಸಹಿ ಮತ್ತು ಶಾಲೆಯ ಸೀಲು. ಅರ್ಜಿ ಹಾಕುವಾಗ ಅದೂ ಬೇಡ, ಸಂದರ್ಶನಕ್ಕೆ ಬರುವಾಗ ಫೈಲಿನಲ್ಲಿ ತನ್ನಿ.

ಗಣಿತ ಟೀಚರ್, ಮಂಡ್ಯ

ಸಹಿ ಸೀಲು ಅಂದರೆ ನಮ್ಮ ಶಾಲೆಯಲ್ಲಿ ಕೇಳಬೇಕು. ಕೇಳಿದ ದಿನವೇ "ಬಿಟ್ಟು ಹೋಗ್ತೀರಾ" ಅಂತ ಶುರುವಾಗುತ್ತೆ. ಹೋದ ವರ್ಷ ಒಬ್ಬ ಮೇಡಂ ಹೀಗೆ ಕೇಳಿದ್ದಕ್ಕೆ ಅವರಿಗೆ ಹತ್ತನೇ ತರಗತಿ ತೆಗೆದು ಐದನೇ ತರಗತಿ ಕೊಟ್ಟರು. ಮೊದಲೇ ಹೇಳಲೋ, ಕೆಲಸ ಖಾತ್ರಿಯಾದ ಮೇಲೆ ಹೇಳಲೋ?

ನಂಜನಗೂಡು ವಿಜ್ಞಾನ

ಆದ ಮೇಲೆ ಹೇಳಿ ಮೇಡಂ. ನಾನು ಮೊದಲೇ ಹೇಳಿ ಒಂದು ವರ್ಷ ಅನುಭವಿಸಿದ್ದೇನೆ, ಅಲ್ಲೂ ಇಲ್ಲ, ಇಲ್ಲೂ ಇಲ್ಲ. ನನ್ನ ಒರಿಜಿನಲ್ ಬಿಎಡ್ ಸರ್ಟಿಫಿಕೇಟ್ ಶಾಲೆಯ ಬೀರುವಿನಲ್ಲಿತ್ತು, ಅದನ್ನು ಬಿಡಿಸಿಕೊಳ್ಳಲು ಇನ್ನಷ್ಟು ಅಲೆದಾಟ. ನಿಮ್ಮದು ಅಲ್ಲಿ ಇಟ್ಟಿದ್ದರೆ ಯಾವುದಾದರೂ ನೆಪ ಹೇಳಿ ಮೊದಲು ಈಚೆ ತನ್ನಿ.

ನಿವೃತ್ತ ಎಚ್‌ಎಂ, ಸರಸ್ವತಿಪುರಂ

ನೆಪ ಹೇಳುವುದನ್ನು ನಾನು ಒಪ್ಪುವುದಿಲ್ಲ. ವರ್ಷದ ಮಧ್ಯೆ ಹತ್ತನೇ ತರಗತಿ ಬಿಟ್ಟು ಹೋಗುವವರು ಆಗಬಾರದು, ಅಷ್ಟೇ. ಮಾರ್ಚ್ ಪರೀಕ್ಷೆ ಮುಗಿದ ಮೇಲೆ ನೇರವಾಗಿ ಹೇಳಿ, ಯಜಮಾನರ ಕೆಲಸದ ಕಾರಣ ಅಂತ. ಅದು ನಿಜವೂ ಹೌದು. ಆ ಹೊತ್ತಿಗೆ ಸೇವಾ ಪ್ರಮಾಣಪತ್ರ, ಫಲಿತಾಂಶದ ಸಾರಾಂಶ ಎರಡೂ ಒಟ್ಟಿಗೆ ಕೇಳಿ. ಪ್ರಮಾಣಪತ್ರದಲ್ಲಿ ಯಾವ ತರಗತಿ, ಯಾವ ವಿಷಯ ಅಂತ ಬರೆಯಿಸಿಕೊಳ್ಳಿ. ಸುಮ್ನೆ "ಸಹ ಶಿಕ್ಷಕಿಯಾಗಿ ಕೆಲಸ ಮಾಡಿದ್ದಾರೆ" ಅಂತ ಕೊಟ್ಟುಬಿಡುತ್ತಾರೆ, ಹತ್ತನೇ ತರಗತಿ ಗಣಿತ ಹೇಳಿಕೊಟ್ಟಿದ್ದಕ್ಕೆ ಆಮೇಲೆ ಪುರಾವೆ ಇರುವುದಿಲ್ಲ.

ಮದ್ದೂರು ವಡೆ

ಖಾಸಗಿಯಲ್ಲಿ ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಟಿಇಟಿ ಬೇಕಾ ಇದಕ್ಕೆ? ನನ್ನ ತಂಗಿ 2014ರಲ್ಲಿ ಪಾಸು ಮಾಡಿದ್ದು, ಏಳು ವರ್ಷ ಅಂತ ಇತ್ತು, ಈಗ ಹೋಯ್ತೇನೋ.

ಸ್ಕೂಲ್ ಆಫೀಸ್, ಬೋಗಾದಿ ರೋಡ್

ಹೋಗಿಲ್ಲ. 2021ರಲ್ಲಿ ಆ ಏಳು ವರ್ಷದ ಮಿತಿ ತೆಗೆದು ಜೀವನಪೂರ್ತಿ ಮಾಡಿದರು, 2011ರಿಂದ ಪಾಸಾದವರಿಗೂ ಅನ್ವಯ. ನಿಮ್ಮ ತಂಗಿ ಧೈರ್ಯವಾಗಿ ಬರೆಯಲಿ. ಟಿಇಟಿ ಎಂಟನೇ ತರಗತಿವರೆಗಿನವರಿಗೆ. ಈ ಮೇಡಂಗೆ 9, 10 ಮಾತ್ರ ಕೊಟ್ಟರೆ ಕೇಳಲಿಕ್ಕಿಲ್ಲ, ಆದರೆ ಎಂಟನೇ ತರಗತಿಯನ್ನೂ ಕೊಡುತ್ತಾರೆ. ಇದ್ದರೆ ಮೇಲಿನ ಕಾಲು ಪುಟದಲ್ಲೇ ಇರಲಿ.

ಗಣಿತ ಟೀಚರ್, ಮಂಡ್ಯ

ಎಲ್ಲರ ಮಾತು ಓದಿ ಮತ್ತೆ ಬರೆದೆ. ಇಂಗ್ಲಿಷಿನಲ್ಲಿ ಕಳಿಸುತ್ತೇನೆ, ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ.

ಮೊದಲ ಪುಟದ ಮೇಲ್ಭಾಗ: "ಗಣಿತ ಶಿಕ್ಷಕಿ, 8ರಿಂದ 10ನೇ ತರಗತಿ, ಇಂಗ್ಲಿಷ್ ಮಾಧ್ಯಮ, ರಾಜ್ಯ ಪಠ್ಯಕ್ರಮ (10ಕ್ಕೆ ಎನ್‌ಸಿಇಆರ್‌ಟಿ ಪಠ್ಯ). ಎಂಎಸ್ಸಿ, ಬಿಎಡ್, ಟಿಇಟಿ. ಮೇ ತಿಂಗಳಿಂದ ಮೈಸೂರಿನಲ್ಲಿ ವಾಸ."

ಫಲಿತಾಂಶ: "10ನೇ ತರಗತಿ ಗಣಿತ, ಪರೀಕ್ಷೆಗೆ ಕೂತವರು ಮತ್ತು ಪಾಸಾದವರು. 2021-22: 38, 37. 2022-23: 41, 40. 2023-24: 44, 33 (ಪರೀಕ್ಷೆ-1), ಉಳಿದ 11ರಲ್ಲಿ 7 ಪರೀಕ್ಷೆ-2ರಲ್ಲಿ. 2024-25: 40, 34 (ಪರೀಕ್ಷೆ-1)."

ಎರಡನೇ ಪುಟ: "2023-24ರ ತಂಡ 7ನೇ ತರಗತಿಯನ್ನು ಕೋವಿಡ್ ಅವಧಿಯಲ್ಲಿ ಶಾಲೆಯ ಹೊರಗೆ ಕಳೆದಿತ್ತು. ಸೇತುಬಂಧ ಪೂರ್ವ ಪರೀಕ್ಷೆಯಲ್ಲಿ 44ರಲ್ಲಿ 19 ಮಕ್ಕಳು 35ಕ್ಕಿಂತ ಕೆಳಗಿದ್ದರು. ಎಸ್‌ಎ-1ರಲ್ಲಿ 17, ಬೋರ್ಡ್ ಪರೀಕ್ಷೆ-1ರಲ್ಲಿ 11, ಪರೀಕ್ಷೆ-2ರ ನಂತರ 4."

ಅದರ ಕೆಳಗೆ ಗ್ರಾಫ್ ಬಗ್ಗೆ: "ಎಫ್‌ಎ-2ರ ಉತ್ತರ ಪತ್ರಿಕೆಗಳಲ್ಲಿ ತಪ್ಪು ನಕ್ಷೆಯಲ್ಲಿ ಇರಲಿಲ್ಲ, ಋಣ ಚಿಹ್ನೆ ಇರುವ ಕೋಷ್ಟಕದಲ್ಲಿ ಇತ್ತು. ದಿನಕ್ಕೆ ಹತ್ತು ನಿಮಿಷ ಕೋಷ್ಟಕದ ಅಭ್ಯಾಸ, ಮೂರನೇ ಬಿಂದುವಿನಿಂದ ಮಗುವೇ ತಪ್ಪು ಹಿಡಿಯುವ ರೂಢಿ. ಎಸ್‌ಎ-1ರಲ್ಲಿ ಹಿಂದುಳಿದ 19ರಲ್ಲಿ 12 ಮಕ್ಕಳು ಪೂರ್ಣ ಅಂಕ."

ವೆಬ್‌ಕಾಸ್ಟಿಂಗ್ ವಿಷಯ ಬರೆದಿಲ್ಲ, ಸಬೂಬು ಹೇಳಿದ ಹಾಗೆ ಅನಿಸಿತು.

ನಿವೃತ್ತ ಎಚ್‌ಎಂ, ಸರಸ್ವತಿಪುರಂ

ಬರೆಯದಿದ್ದದ್ದೇ ಸರಿ. ಅವರು ಕೇಳಿದರೆ ಹೇಳಿ. ಒಂದು ತಿದ್ದುಪಡಿ ಇದೆ. 2024-25ರ 6 ಮಕ್ಕಳ ಗತಿ ಏನು ಅಂತಲೂ ಬರೆಯಿರಿ, ಇಲ್ಲದಿದ್ದರೆ ಒಂದು ವರ್ಷಕ್ಕೆ ಪರೀಕ್ಷೆ-2 ಹಾಕಿ ಇನ್ನೊಂದಕ್ಕೆ ಯಾಕೆ ಬಿಟ್ಟಿರಿ ಅನ್ನುತ್ತಾರೆ. ಮತ್ತೆ 8, 9ನೇ ತರಗತಿ ಬಗ್ಗೆ ಒಂದು ಸಾಲೂ ಇಲ್ಲ. ವಾರಕ್ಕೆ ಎಷ್ಟು ಪೀರಿಯಡ್, ಎಷ್ಟು ಸೆಕ್ಷನ್ ಅಂತ ಹಾಕಿ, ಕೆಲಸದ ಭಾರ ಎಷ್ಟು ಹೊರಬಲ್ಲಿರಿ ಅಂತ ಅವರು ಅದರಿಂದಲೇ ತಿಳಿಯುತ್ತಾರೆ.

ಪಾಂಡವಪುರ ಎಕ್ಸ್‌ಪ್ರೆಸ್

ಓದಿದೆ, ಚೆನ್ನಾಗಿದೆ. ಆದರೂ ನನ್ನ ಪ್ರಕಾರ ಮೊದಲ ಪುಟದಲ್ಲಿ 33 ಕಾಣೋದು ಅಪಾಯವೇ. ಎಲ್ಲ ಶಾಲೆಯಲ್ಲೂ ನಿಮ್ಮ ಎಚ್‌ಎಂ ಸರ್ ಥರದವರು ಕೂತಿರೋದಿಲ್ಲ. ಕೆಲವು ಕಡೆ ಸೆಕ್ರೆಟರಿಯೇ ತೀರ್ಮಾನ ಮಾಡೋದು, ಅವರಿಗೆ ಸೇತುಬಂಧ ಅಂದರೆ ಏನಂತಲೂ ಗೊತ್ತಿರೋದಿಲ್ಲ.

ಸ್ಕೂಲ್ ಆಫೀಸ್, ಬೋಗಾದಿ ರೋಡ್

ಅದು ನಿಜ, ಅಂಥ ಶಾಲೆಗಳೂ ಇವೆ. ಅಲ್ಲಿ ಇದು ನಡೆಯದೇ ಹೋಗಬಹುದು. ಮೇಡಂ, ಫೈಲಿಗೆ ಹೆಸರು ಕೊಡುವಾಗ `resume final new 2.pdf` ಅಂತ ಬೇಡ. ನಿಮ್ಮ ಹೆಸರು, ಗಣಿತ, 8-10 ಇಷ್ಟು ಇರಲಿ. ಏಪ್ರಿಲ್‌ನಲ್ಲಿ ನಮ್ಮ ಕಂಪ್ಯೂಟರ್‌ನಲ್ಲಿ ಬರೀ `resume.pdf` ಅಂತಲೇ ಹತ್ತಾರು ಇರುತ್ತವೆ, ಪ್ರಿನ್ಸಿಪಾಲ್ ಗಣಿತದವರದ್ದು ಕೊಡಿ ಅಂದಾಗ ಒಂದೊಂದೇ ತೆರೆದು ನೋಡಬೇಕು.

ಗಣಿತ ಟೀಚರ್, ಮಂಡ್ಯ

2024-25ರ ಆ 6 ಮಕ್ಕಳಲ್ಲಿ 3 ಪಾಸಾದರು, ಒಬ್ಬ ಮತ್ತೆ ಬರೆಯಲೇ ಇಲ್ಲ, ಅವರಪ್ಪ ಆಲೆಮನೆ ಕೆಲಸಕ್ಕೆ ಕರೆದುಕೊಂಡು ಹೋದರು. ಸೇರಿಸುತ್ತೇನೆ ಸರ್. 8, 9ರದ್ದೂ ಹಾಕುತ್ತೇನೆ. ಇನ್ನು ಒಂದೇ ಉಳಿದಿದೆ. ಈಗಿನ ಸಂಬಳ, ಕೇಳುವ ಸಂಬಳ ರೆಸ್ಯೂಮ್‌ನಲ್ಲಿ ಹಾಕಬೇಕಾ?

ನಂಜನಗೂಡು ವಿಜ್ಞಾನ

ಹಾಕಲೇಬೇಡಿ. ಈಗಿನದು ಹೇಳಿದರೆ ಅದರ ಮೇಲೆ ಎರಡು ಸಾವಿರ ಇಟ್ಟು ಮುಗಿಸುತ್ತಾರೆ.

ಸ್ಕೂಲ್ ಆಫೀಸ್, ಬೋಗಾದಿ ರೋಡ್

ನಮ್ಮ ಅರ್ಜಿ ನಮೂನೆಯಲ್ಲಿ ಆ ಕಾಲಂ ಇದೆ, ಖಾಲಿ ಬಿಟ್ಟರೆ ನಾವೇ ಫೋನ್ ಮಾಡಿ ಕೇಳುತ್ತೇವೆ. ರೆಸ್ಯೂಮ್‌ನಲ್ಲಿ ಬೇಡ, ನಮೂನೆಯಲ್ಲಿ ಕೇಳಿದ್ದರೆ ಬರೆಯಿರಿ.